ಹಳೆಯದರ ಪಾಲನ್ನು ಕಳೆದು ಹೊಸದನ್ನು ಉಳಿಸುವ ಲೆಕ್ಕ: ಗ್ರಾಮ್–ಶ್ಮಿಟ್ ವಿಧಾನ ಮತ್ತು QR ಅಪವರ್ತನ

ಒಂದು ಸಸಿಯ ಎತ್ತರವನ್ನು ನಾಲ್ಕು ವಾರಗಳ ಕಾಲ ವಾರಕ್ಕೊಮ್ಮೆ ಅಳೆದಿದ್ದೇವೆ ಎಂದುಕೊಳ್ಳೋಣ. ಸೆಂಟಿಮೀಟರುಗಳಲ್ಲಿ ಸಿಕ್ಕ ಅಳತೆಗಳು ಕ್ರಮವಾಗಿ 1.9, 3.3, 5.7 ಮತ್ತು 11.1. ಕೈಯಲ್ಲೇ ಲೆಕ್ಕ ಮಾಡಲು ಅನುಕೂಲವಾಗಲೆಂದು ನಾನೇ ಆರಿಸಿಕೊಂಡ ಅಂಕಿಗಳಿವು. ವಾರದ ಸಂಖ್ಯೆಯನ್ನು t ಎಂದು ಕರೆದರೆ, a + bt + ct² ಎಂಬ ಸೂತ್ರ ಈ ಬೆಳವಣಿಗೆಗೆ ಎಷ್ಟು ಹತ್ತಿರ ಬರುತ್ತದೆ, ಹಾಗೆ ಹತ್ತಿರ ಬರಲು a, b, c ಎಷ್ಟಿರಬೇಕು ಎಂಬುದು ನಮ್ಮ ಪ್ರಶ್ನೆ.

ಇಲ್ಲಿ ಗೊತ್ತಿಲ್ಲದ ಸಂಖ್ಯೆಗಳು ಮೂರು, ಅವು ಪಾಲಿಸಬೇಕಾದ ಸಮೀಕರಣಗಳು ನಾಲ್ಕು. ನಾಲ್ಕನ್ನೂ ಒಟ್ಟಿಗೆ ತೃಪ್ತಿಪಡಿಸುವ ಉತ್ತರ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಪ್ರತಿ ಅಳತೆಗೂ ಸೂತ್ರಕ್ಕೂ ನಡುವೆ ಉಳಿಯುವ ವ್ಯತ್ಯಾಸವನ್ನು ವರ್ಗ ಮಾಡಿ, ಆ ವರ್ಗಗಳ ಮೊತ್ತ ಆದಷ್ಟು ಕಡಿಮೆಯಾಗುವಂತೆ a, b, c ಗಳನ್ನು ಆರಿಸುತ್ತೇವೆ. ಇದೇ ಕನಿಷ್ಠ ವರ್ಗಗಳ ವಿಧಾನ. ಅದನ್ನು ಮಾಡುವ ಅಚ್ಚುಕಟ್ಟಾದ ದಾರಿಗಳಲ್ಲಿ ಒಂದು ಗ್ರಾಮ್–ಶ್ಮಿಟ್ ಪ್ರಕ್ರಿಯೆಯ ಮೂಲಕ ಸಾಗುತ್ತದೆ.

## ಲಂಬವಾಗಿರುವುದು ಎಂದರೆ ಏನು

ಸಂಖ್ಯೆಗಳ ಒಂದು ಪಟ್ಟಿಯನ್ನು ಸದಿಶ ಅಥವಾ ವೆಕ್ಟರ್ ಎನ್ನುತ್ತೇವೆ. ನಮ್ಮ ಸೂತ್ರದಲ್ಲಿ ಮೂರು ಸದಿಶಗಳಿವೆ. ಎಲ್ಲ ವಾರಗಳಿಗೂ ಒಂದೇ ಆಗಿರುವ ಭಾಗಕ್ಕೆ (1, 1, 1, 1), t ಗೆ (1, 2, 3, 4), t² ಗೆ (1, 4, 9, 16). ಇವನ್ನು a1, a2, a3 ಎಂದು ಕರೆಯೋಣ. ಮೂರನ್ನೂ ಪಕ್ಕಪಕ್ಕದಲ್ಲಿ ಕಂಬಸಾಲುಗಳಾಗಿ ನಿಲ್ಲಿಸಿದರೆ ನಾಲ್ಕು ಅಡ್ಡಸಾಲು, ಮೂರು ಕಂಬಸಾಲುಗಳ A ಎಂಬ ಮಾತೃಕೆ ಸಿಗುತ್ತದೆ.

ಎರಡು ಸದಿಶಗಳ ಒಂದೇ ಸ್ಥಾನದ ಸಂಖ್ಯೆಗಳನ್ನು ಗುಣಿಸುತ್ತಾ ಹೋಗಿ ಕೊನೆಗೆ ಎಲ್ಲವನ್ನೂ ಕೂಡಿಸಿದರೆ ಬರುವುದು ಅವುಗಳ ಅದಿಶ ಗುಣಲಬ್ಧ. ಅದು ಸೊನ್ನೆಯಾದರೆ ಆ ಎರಡು ಸದಿಶಗಳು ಒಂದಕ್ಕೊಂದು ಲಂಬವಾಗಿವೆ ಎನ್ನುತ್ತೇವೆ. ಒಂದು ಸದಿಶವನ್ನು ಅದರಿಂದಲೇ ಗುಣಿಸಿ, ಬಂದುದರ ವರ್ಗಮೂಲ ತೆಗೆದರೆ ಅದರ ಉದ್ದ ಸಿಗುತ್ತದೆ. ಪರಸ್ಪರ ಲಂಬವಾಗಿದ್ದು, ಪ್ರತಿಯೊಂದರ ಉದ್ದವೂ 1 ಆಗಿರುವ ಸದಿಶಗಳ ಗುಂಪು ತಾನು ವ್ಯಾಪಿಸುವ ಅವಕಾಶಕ್ಕೆ ಲಂಬ ಏಕಮಾನ ಆಧಾರವಾಗುತ್ತದೆ. ಆಧಾರ ಎಂದರೆ, ಆ ಅವಕಾಶದಲ್ಲಿರುವ ಯಾವ ಸದಿಶವನ್ನಾದರೂ ಒಂದೇ ಒಂದು ರೀತಿಯಲ್ಲಿ ಕಟ್ಟಿಕೊಡಬಲ್ಲ ಮೂಲ ದಿಕ್ಕುಗಳ ಗುಂಪು.

ಲಂಬವಾಗಿದ್ದರೆ ಏನು ಲಾಭ ಎಂಬುದಕ್ಕೆ ದಾರಿ ಹೇಳುವ ಉದಾಹರಣೆ ಸಾಕು. ಪೂರ್ವಕ್ಕೆ ಇಷ್ಟು ಹೆಜ್ಜೆ, ಉತ್ತರಕ್ಕೆ ಇಷ್ಟು ಹೆಜ್ಜೆ ಎಂದರೆ ಎರಡೂ ಮಾತುಗಳು ಸ್ವತಂತ್ರ. ಉತ್ತರಕ್ಕೆ ನಡೆದವನು ಪೂರ್ವಕ್ಕೆ ಒಂದಿಂಚೂ ಸರಿಯುವುದಿಲ್ಲ. ಪೂರ್ವ ಮತ್ತು ಈಶಾನ್ಯ ದಿಕ್ಕುಗಳಲ್ಲಿ ದಾರಿ ಹೇಳಿದರೂ ಊರು ಸಿಗುತ್ತದೆ, ಆದರೆ ಈಶಾನ್ಯಕ್ಕೆ ನಡೆದ ಪ್ರತಿ ಹೆಜ್ಜೆಯಲ್ಲೂ ಪೂರ್ವದ ಒಂದು ಪಾಲು ಸೇರಿರುತ್ತದೆ. ಈಶಾನ್ಯದ ಹೆಜ್ಜೆಗಳನ್ನು ಬದಲಿಸಿದರೆ ಪೂರ್ವದ ಲೆಕ್ಕವನ್ನೂ ಮತ್ತೆ ಮಾಡಬೇಕಾಗುತ್ತದೆ. ನಮ್ಮ 1, t, t² ಗಳ ಸ್ಥಿತಿಯೂ ಹೀಗೆಯೇ. t ಹೆಚ್ಚಿದಂತೆ t² ಕೂಡ ಹೆಚ್ಚುವುದರಿಂದ, t ಹೇಳುವ ಸಂಗತಿಯ ಬಹುಪಾಲನ್ನು t² ಮತ್ತೊಮ್ಮೆ ಹೇಳುತ್ತದೆ.

## ನೆರಳನ್ನು ಕಳೆಯುವುದು

ಈಶಾನ್ಯದಿಂದ ಪೂರ್ವದ ಪಾಲನ್ನು ತೆಗೆದುಹಾಕಿದರೆ ಉಳಿಯುವುದು ಶುದ್ಧ ಉತ್ತರ. ಗ್ರಾಮ್–ಶ್ಮಿಟ್ ಪ್ರಕ್ರಿಯೆ ಮಾಡುವುದು ಇಷ್ಟನ್ನೇ, ಮತ್ತೆ ಮತ್ತೆ.

ಓರೆಯಾಗಿ ನೆಟ್ಟ ಕೋಲಿನ ಮೇಲೆ ನೆತ್ತಿಯ ಬಿಸಿಲು ಬಿದ್ದಾಗ ಅದರ ನೆರಳು ನೆಲದ ಮೇಲೆ ಮಲಗುತ್ತದೆ. ಕೋಲನ್ನು ಆ ನೆರಳು ಮತ್ತು ನೆಲಕ್ಕೆ ಲಂಬವಾದ ಏರು ಎಂಬ ಎರಡು ಭಾಗಗಳ ಮೊತ್ತವೆಂದು ಕಾಣಬಹುದು. ಉದ್ದ 1 ಇರುವ q ಎಂಬ ದಿಕ್ಕಿನ ಮೇಲೆ a ಎಂಬ ಸದಿಶದ ನೆರಳಿನ ಅಳತೆಯೇ ಅವೆರಡರ ಅದಿಶ ಗುಣಲಬ್ಧ. ಅದನ್ನು r ಎಂದು ಬರೆದುಕೊಂಡು a − r q ಎಂದು ಕಳೆದರೆ, ಉಳಿಕೆ q ಗೆ ಲಂಬವಾಗಿಯೇ ಇರುತ್ತದೆ. ಕಾರಣ ಸರಳ: ಉಳಿಕೆಯನ್ನು q ಜೊತೆ ಗುಣಿಸಿದರೆ ಮೊದಲ ಪದ r ಕೊಡುತ್ತದೆ, q ನ ಉದ್ದ 1 ಆದುದರಿಂದ ಎರಡನೆಯ ಪದವೂ r ಕೊಡುತ್ತದೆ, ವ್ಯತ್ಯಾಸ ಸೊನ್ನೆ.

ಹೀಗಾಗಿ ವಿಧಾನವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಪ್ರತಿ ಹೊಸ ಸದಿಶದಿಂದ, ಈವರೆಗೆ ಸಿದ್ಧವಾಗಿರುವ ಎಲ್ಲ q ಗಳ ಮೇಲೆ ಬೀಳುವ ನೆರಳುಗಳನ್ನು ಕಳೆಯಬೇಕು. ಉಳಿದದ್ದನ್ನು ಅದರ ಉದ್ದದಿಂದ ಭಾಗಿಸಿ ಮುಂದಿನ q ಆಗಿ ಸೇರಿಸಿಕೊಳ್ಳಬೇಕು.

## ಮೂರು ಸದಿಶಗಳ ಮೇಲೆ ಲೆಕ್ಕ

a1 = (1, 1, 1, 1) ನಿಂದ ಕಳೆಯಲು ಹಿಂದಿನದು ಯಾವುದೂ ಇಲ್ಲ. ಅದರ ಉದ್ದ √4, ಅಂದರೆ 2. ಭಾಗಿಸಿದರೆ q1 = ½ (1, 1, 1, 1).

ಮುಂದೆ a2 = (1, 2, 3, 4). q1 ಮೇಲೆ ಇದರ ನೆರಳು ½ × (1 + 2 + 3 + 4) = 5. ಕಳೆಯಬೇಕಾದುದು 5 q1 = (2.5, 2.5, 2.5, 2.5). ಉಳಿದುದು (−1.5, −0.5, 0.5, 1.5). ಇಲ್ಲಿ ಒಂದು ಕ್ಷಣ ನಿಂತು ನೋಡುವುದು ಒಳ್ಳೆಯದು. 2.5 ಎಂಬುದು 1, 2, 3, 4 ರ ಸರಾಸರಿ. ಅಂಕಿಗಳಿಂದ ಅವುಗಳ ಸರಾಸರಿಯನ್ನು ಕಳೆಯುವುದು ಸಂಖ್ಯಾಶಾಸ್ತ್ರದಲ್ಲಿ ದಿನನಿತ್ಯದ ಕೆಲಸ, ಮತ್ತು ಅದು ಗ್ರಾಮ್–ಶ್ಮಿಟ್ ಪ್ರಕ್ರಿಯೆಯ ಒಂದು ಹೆಜ್ಜೆಯೇ ಹೊರತು ಬೇರೇನಲ್ಲ. ಉಳಿಕೆಯ ಉದ್ದದ ವರ್ಗ 2.25 + 0.25 + 0.25 + 2.25 = 5. ಹಾಗಾಗಿ q2 = (−1.5, −0.5, 0.5, 1.5) / √5.

ಕೊನೆಯದು a3 = (1, 4, 9, 16). q1 ಮೇಲೆ ಇದರ ನೆರಳು ½ × 30 = 15. q2 ಮೇಲಿನ ನೆರಳು (−1.5 − 2 + 4.5 + 24) / √5 = 25/√5, ಅಂದರೆ 5√5. ಮೊದಲನೆಯದಕ್ಕಾಗಿ ಎಲ್ಲ ಸ್ಥಾನಗಳಿಂದ 7.5 ಕಳೆಯಬೇಕು. ಎರಡನೆಯದಕ್ಕಾಗಿ 5 × (−1.5, −0.5, 0.5, 1.5), ಅಂದರೆ (−7.5, −2.5, 2.5, 7.5) ಕಳೆಯಬೇಕು. ಎರಡೂ ಆದ ಮೇಲೆ ಉಳಿಯುವುದು (1, −1, −1, 1). ಇದರ ಉದ್ದ 2, ಆದ್ದರಿಂದ q3 = ½ (1, −1, −1, 1).

ಈ ಕೊನೆಯ ಪಟ್ಟಿಯ ಆಕಾರವನ್ನು ಗಮನಿಸಿ: ತುದಿಗಳಲ್ಲಿ ಮೇಲಕ್ಕೆ, ನಡುವೆ ಕೆಳಕ್ಕೆ. t² ನಿಂದ ಸರಾಸರಿ ಮಟ್ಟವನ್ನೂ ನೇರ ಏರಿಕೆಯನ್ನೂ ತೆಗೆದುಹಾಕಿದರೆ ಉಳಿಯುವುದು ಬಾಗು ಮಾತ್ರ. q1 ಮಟ್ಟವನ್ನು, q2 ಏರಿಕೆಯನ್ನು, q3 ಬಾಗನ್ನು ಹೇಳುತ್ತವೆ. ಒಂದರ ಮಾತಿನಲ್ಲಿ ಮತ್ತೊಂದು ಬೆರೆಯುವುದಿಲ್ಲ.

## R ಎಂದರೆ ಕಳೆದದ್ದರ ಲೆಕ್ಕ

ದಾರಿಯುದ್ದಕ್ಕೂ ಬಂದ ನೆರಳುಗಳನ್ನೂ ಉದ್ದಗಳನ್ನೂ ಬರೆದಿಟ್ಟುಕೊಂಡಿದ್ದರೆ QR ಅಪವರ್ತನಕ್ಕೆ ಬೇರೆ ಶ್ರಮವೇ ಬೇಡ. ಕಳೆದದ್ದನ್ನು ಮತ್ತೆ ಕೂಡಿಸಿದರೆ ಮೂಲ ಸದಿಶ ಮರಳಿ ಬರಲೇಬೇಕಲ್ಲವೇ? ಹಾಗೆ ಕೂಡಿಸಿ ಬರೆದರೆ ಹೀಗಾಗುತ್ತದೆ:

```
a1 =  2 q1
a2 =  5 q1 +  √5 q2
a3 = 15 q1 + 5√5 q2 + 2 q3

      | 2    5    15  |
R  =  | 0   √5   5√5  |
      | 0    0     2  |
```

q1, q2, q3 ಗಳನ್ನು ಕಂಬಸಾಲುಗಳಾಗಿ ಜೋಡಿಸಿದ ಮಾತೃಕೆ Q. ಗುಣಕಗಳನ್ನು ಜೋಡಿಸಿದ ಮಾತೃಕೆ R. ಮೇಲಿನ ಮೂರು ಸಾಲುಗಳನ್ನು ಒಟ್ಟಿಗೆ ಬರೆದರೆ A = QR. R ನ ಕೆಳಮೂಲೆಯಲ್ಲಿ ಸೊನ್ನೆಗಳು ಏಕಿವೆ ಎಂಬುದೂ ಇದರಿಂದಲೇ ತಿಳಿಯುತ್ತದೆ: a2 ಅನ್ನು ಸಂಸ್ಕರಿಸುವಾಗ q3 ಇನ್ನೂ ಹುಟ್ಟಿರಲಿಲ್ಲ, ಆದ್ದರಿಂದ a2 ನಲ್ಲಿ ಅದರ ಪಾಲು ಇರಲು ಸಾಧ್ಯವಿಲ್ಲ. ಇಂಥ ಮಾತೃಕೆಯನ್ನು ಮೇಲ್ತ್ರಿಕೋನ ಮಾತೃಕೆ ಎನ್ನುತ್ತಾರೆ.

ಕರ್ಣದ ಮೇಲಿರುವ 2, √5, 2 ಎಂಬ ಸಂಖ್ಯೆಗಳು ಪ್ರತಿ ಸದಿಶ ತಂದ ಹೊಸತನದ ಅಳತೆ. ಅವುಗಳಲ್ಲಿ ಯಾವುದಾದರೂ ಸೊನ್ನೆಯಾಗಿದ್ದರೆ, ಆ ಸದಿಶ ಹಿಂದಿನವುಗಳಿಂದಲೇ ಪೂರ್ತಿಯಾಗಿ ಕಟ್ಟಬಹುದಾದದ್ದು, ಅದರಿಂದ ಹೊಸ ದಿಕ್ಕು ಹುಟ್ಟುವುದಿಲ್ಲ ಎಂದರ್ಥ. ಆಗ ಉದ್ದದಿಂದ ಭಾಗಿಸಲು ಹೋದರೆ ಸೊನ್ನೆಯಿಂದ ಭಾಗಿಸಿದಂತಾಗಿ ಪ್ರಕ್ರಿಯೆ ಅಲ್ಲೇ ನಿಲ್ಲುತ್ತದೆ. ಸದಿಶಗಳು ಹಾಗೆ ಪರಸ್ಪರ ಅವಲಂಬಿತವಾಗಿಲ್ಲದಿದ್ದರೆ, ಮತ್ತು ಕರ್ಣದ ಸಂಖ್ಯೆಗಳೆಲ್ಲ ಧನಾತ್ಮಕವಾಗಿರಬೇಕೆಂದು ನಿಯಮ ಹಾಕಿಕೊಂಡರೆ, ಒಂದು A ಗೆ ಒಂದೇ ಒಂದು QR ಇರುತ್ತದೆ.

## ಸಸಿಯ ಪ್ರಶ್ನೆಗೆ ಉತ್ತರ

ಅಳತೆಗಳ ಸದಿಶ y = (1.9, 3.3, 5.7, 11.1). ಇದರ ನೆರಳನ್ನು ಮೂರು ದಿಕ್ಕುಗಳ ಮೇಲೂ ನೋಡೋಣ. q1 ಮೇಲೆ ½ × 22 = 11. q2 ಮೇಲೆ 15/√5 = 3√5. q3 ಮೇಲೆ ½ × (1.9 − 3.3 − 5.7 + 11.1) = 2. ಈ ನೆರಳುಗಳನ್ನು ಕಳೆದ ಮೇಲೆ y ನಲ್ಲಿ ಉಳಿಯುವ ಭಾಗ ಮೂರೂ ದಿಕ್ಕುಗಳಿಗೆ ಲಂಬ, a, b, c ಏನೇ ಆದರೂ ಅದನ್ನು ಕಡಿಮೆ ಮಾಡಲಾಗದು; ಆದ್ದರಿಂದ ಸೂತ್ರದ ನೆರಳುಗಳು y ನ ನೆರಳುಗಳಿಗೆ ಸಮವಾದಾಗಲೇ ದೋಷ ಕನಿಷ್ಠ. ಈ ಮೂರು ಸಂಖ್ಯೆಗಳು ಬಲಬದಿಯಲ್ಲಿ, R ಎಡಬದಿಯಲ್ಲಿ ಇರುವಂತೆ ಸಮೀಕರಣ ಬರೆದರೆ ಸಾಕು:

```
2a +  5b +  15c = 11
     √5 b + 5√5 c = 3√5
             2c = 2
```

ತ್ರಿಕೋನಾಕಾರದಿಂದ ಸಿಗುವ ಸುಖ ಇದೇ. ಕೆಳಗಿನಿಂದ ಹತ್ತುತ್ತಾ ಹೋದರೆ c = 1; ಅದನ್ನು ಮೇಲಿನ ಸಾಲಿನಲ್ಲಿಟ್ಟರೆ b = −2; ಇನ್ನೂ ಮೇಲೆ a = 3. ಹೊಂದುವ ಸೂತ್ರ 3 − 2t + t². ಅದು ನಾಲ್ಕು ವಾರಗಳಿಗೆ ಕೊಡುವ ಎತ್ತರಗಳು 2, 3, 6, 11. ನಿಜವಾದ ಅಳತೆಗಳಿಗೂ ಇವಕ್ಕೂ ಇರುವ ವ್ಯತ್ಯಾಸ (−0.1, 0.3, −0.3, 0.1), ಅವುಗಳ ವರ್ಗಗಳ ಮೊತ್ತ 0.2.

t² ಬೇಡ, ಸರಳರೇಖೆಯೇ ಸಾಕು ಎಂದು ಯಾರಾದರೂ ಹೇಳಿದರೆ ಏನಾಗುತ್ತದೆ? ಕೊನೆಯ ಸಾಲನ್ನೂ ಕೊನೆಯ ಕಂಬಸಾಲನ್ನೂ ಅಳಿಸಿದರೆ ಆಯಿತು. 11 ಮತ್ತು 3√5 ಹಾಗೆಯೇ ಉಳಿಯುತ್ತವೆ. ಆಗ b = 3, a = −2, ರೇಖೆ −2 + 3t. ಅದು ಕೊಡುವ ಎತ್ತರಗಳು 1, 4, 7, 10, ವ್ಯತ್ಯಾಸಗಳ ವರ್ಗಗಳ ಮೊತ್ತ 4.2. t² ಸೇರಿದಾಗ ದೋಷ 4.2 ರಿಂದ 0.2 ಕ್ಕೆ, ಅಂದರೆ ಸರಿಯಾಗಿ 4 ರಷ್ಟು ಇಳಿದಿದೆ. ಈ 4 ಎಲ್ಲಿಂದ ಬಂತು? q3 ಮೇಲಿನ ನೆರಳು 2. ಅದರ ವರ್ಗ 4. ಲಂಬವಾದ ಆಧಾರದಲ್ಲಿ ಪ್ರತಿ ದಿಕ್ಕು ಎಷ್ಟು ದೋಷವನ್ನು ತೆಗೆದುಹಾಕಿತು ಎಂಬುದನ್ನು ಹೀಗೆ ಬಿಡಿಬಿಡಿಯಾಗಿ ಓದಬಹುದು. ಮೂಲ ಗುಣಕಗಳಲ್ಲಿ ಇದು ಸಾಧ್ಯವಿಲ್ಲ. b ಯನ್ನೇ ನೋಡಿ, t² ಇಲ್ಲದಾಗ 3 ಇದ್ದದ್ದು, ಅದು ಬಂದೊಡನೆ −2 ಆಗಿ ಚಿಹ್ನೆಯನ್ನೇ ಬದಲಿಸಿತು. ಸಸಿ ಕುಗ್ಗುತ್ತಿದೆ ಎಂದು ಇದರ ಅರ್ಥವಲ್ಲ. t ಮತ್ತು t² ಒಂದರ ಪಾಲನ್ನು ಇನ್ನೊಂದು ಹೊತ್ತಿವೆ, ಅಷ್ಟೇ.

## ಹೆಸರಿನ ಹಿಂದೆ

ಯೋರ್ಗೆನ್ ಪೆಡರ್ಸನ್ ಗ್ರಾಮ್ ಡೆನ್ಮಾರ್ಕಿನ ಗಣಿತಜ್ಞ. ವೃತ್ತಿಯಿಂದ ವಿಮೆಯ ಲೆಕ್ಕ ನೋಡುವವರು. 1883 ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಿಷಯ ಕನಿಷ್ಠ ವರ್ಗಗಳ ಮೂಲಕ ಫಲನಗಳನ್ನು ಶ್ರೇಢಿಗಳಾಗಿ ಬರೆಯುವುದು. ಅಂದರೆ ನಾವು ಸಸಿಗೆ ಮಾಡಿದ ಲೆಕ್ಕ ಈ ವಿಧಾನದ ತವರಿಗೆ ದೂರದ್ದೇನಲ್ಲ. ಜರ್ಮನಿಯ ಎರ್ಹಾರ್ಡ್ ಶ್ಮಿಟ್ 1907 ರಲ್ಲಿ ಸಮಾಕಲ ಸಮೀಕರಣಗಳ ಕುರಿತ ಪ್ರಬಂಧದಲ್ಲಿ ಇದನ್ನು ಇಂದಿನ ರೂಪಕ್ಕೆ ಹತ್ತಿರವಾಗಿ ಬರೆದರು, ಮತ್ತು ಸೂತ್ರಗಳ ಶ್ರೇಯ ಗ್ರಾಮ್‌ಗೆ ಸಲ್ಲುತ್ತದೆಂದು ಅಲ್ಲಿಯೇ ಒಪ್ಪಿಕೊಂಡರು. ಇಬ್ಬರಿಗೂ ಬಹಳ ಮೊದಲೇ ಫ್ರಾನ್ಸಿನ ಲಾಪ್ಲಾಸ್ ಇದೇ ತೆರನ ಲೆಕ್ಕವನ್ನು ಬಳಸಿದ್ದರು.

## ಗಣಕದಲ್ಲಿ ಕೆಡುವುದು ಹೇಗೆ

ಕಾಗದದ ಮೇಲೆ ಈ ವಿಧಾನದಲ್ಲಿ ಕುಂದಿಲ್ಲ. ಗಣಕ ಮಾತ್ರ ಪ್ರತಿ ಸಂಖ್ಯೆಯ ಸುಮಾರು ಹದಿನಾರು ಅಂಕಿಗಳನ್ನು ಇಟ್ಟುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಒಂದಕ್ಕೊಂದು ತೀರ ಹತ್ತಿರದ ದಿಕ್ಕಿನಲ್ಲಿರುವ ಸದಿಶಗಳಲ್ಲಿ ನೆರಳನ್ನು ಕಳೆದ ಮೇಲೆ ಉಳಿಯುವುದು ಬಹಳ ಚಿಕ್ಕದು. ಬಿಟ್ಟುಹೋದ ಅಂಕಿಗಳು ಅದರ ಮುಂದೆ ದೊಡ್ಡದಾಗಿ ಕಾಣತೊಡಗುತ್ತವೆ.

ಇದಕ್ಕೆ ಪ್ರಸಿದ್ಧವಾದ ಒಂದು ಪರೀಕ್ಷೆಯಿದೆ. e = 0.00000001, ಅಂದರೆ 10⁻⁸ ಎಂದಿಟ್ಟುಕೊಂಡು (1, e, 0, 0), (1, 0, e, 0), (1, 0, 0, e) ಎಂಬ ಮೂರು ಸದಿಶಗಳನ್ನು ತೆಗೆದುಕೊಳ್ಳಿ. ಮೊದಲನೆಯದರ ಉದ್ದದ ವರ್ಗ 1 + 10⁻¹⁶. ಗಣಕಕ್ಕೆ ಇದು 1 ಕ್ಕಿಂತ ಬೇರೆಯಲ್ಲ, ಆದ್ದರಿಂದ q1 = (1, e, 0, 0) ಎಂದೇ ಉಳಿಯುತ್ತದೆ. ಎರಡನೆಯದರಿಂದ ನೆರಳು ಕಳೆದರೆ (0, −e, e, 0), ಹಾಗಾಗಿ q2 = (0, −1, 1, 0)/√2. ಮೂರನೆಯ ಮೂಲ ಸದಿಶಕ್ಕೆ q1 ಮೇಲಿನ ನೆರಳು 1, q2 ಮೇಲಿನ ನೆರಳು ಸೊನ್ನೆ; ಉಳಿಕೆ (0, −e, 0, e), ಆದ್ದರಿಂದ q3 = (0, −1, 0, 1)/√2. ಈಗ q2 ಮತ್ತು q3 ಗಳ ಅದಿಶ ಗುಣಲಬ್ಧ ತೆಗೆದರೆ ½ ಬರುತ್ತದೆ. ಸೊನ್ನೆಯಾಗಬೇಕಿತ್ತು. ಲಂಬವೆಂದು ನಾವು ನಂಬಿದ ಎರಡು ದಿಕ್ಕುಗಳ ನಡುವಿನ ಕೋನ 60 ಡಿಗ್ರಿ!

ಇನ್ನೂ ಮೋಸದ ಸಂಗತಿಯೆಂದರೆ, ಇದೇ Q ಮತ್ತು R ಗಳನ್ನು ಗುಣಿಸಿ ನೋಡಿದರೆ ಮೂಲ A ಚೆನ್ನಾಗಿಯೇ ಮರಳಿ ಬರುತ್ತದೆ. ಕಳೆದದ್ದನ್ನು ಕೂಡಿಸಿದ್ದೇವೆ, ಬರದೆ ಇನ್ನೇನು? ಹಾಗಾಗಿ A = QR ಆಯಿತೆಂಬುದು Q ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. Q ನ ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿದ ಮಾತೃಕೆಯನ್ನು Q ಜೊತೆಗೇ ಗುಣಿಸಿ, ಕರ್ಣದಲ್ಲಿ 1, ಉಳಿದೆಡೆ ಸೊನ್ನೆ ಇರುವ ಏಕಮಾನ ಮಾತೃಕೆ ಬರುತ್ತದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು.

## ಕಳೆಯುವ ಕ್ರಮ ಬದಲಿಸಿದರೆ

ಮೇಲಿನ ಲೆಕ್ಕದಲ್ಲಿ q2 ಮೇಲಿನ ನೆರಳನ್ನು ಮೂಲ ಸದಿಶದಿಂದ ಅಳೆದೆವು. ಅದರ ಬದಲು, q1 ನ ಪಾಲನ್ನು ಮೊದಲೇ ಕಳೆದು ಉಳಿದ (0, −e, 0, e) ನಿಂದ ಅಳೆದಿದ್ದರೆ ನೆರಳು ಸೊನ್ನೆಯಾಗದೆ e/√2 ಆಗುತ್ತಿತ್ತು. ಅದನ್ನೂ ಕಳೆದರೆ ಉಳಿಯುವುದು (0, −e/2, −e/2, e), ಮತ್ತು ಇದು q2 ಗೆ ಲಂಬವಾಗಿದೆ. ಲೆಕ್ಕದ ಪ್ರಮಾಣ ಅಷ್ಟೇ, ಕಾಗದದ ಮೇಲಿನ ಉತ್ತರವೂ ಅದೇ. ಅಳೆಯುವ ಸಮಯ ಮಾತ್ರ ಬೇರೆ. ಇದನ್ನು ಪರಿಷ್ಕೃತ ಗ್ರಾಮ್–ಶ್ಮಿಟ್ ಎನ್ನುತ್ತಾರೆ. ಪೈಥಾನ್‌ನಲ್ಲಿ ಅದು ಇಷ್ಟೇ:

```python
import numpy as np

def mgs(A):
    V = A.astype(float)
    n = V.shape[1]
    Q = np.zeros_like(V)
    R = np.zeros((n, n))
    for k in range(n):
        R[k, k] = np.linalg.norm(V[:, k])
        Q[:, k] = V[:, k] / R[k, k]
        for j in range(k + 1, n):
            R[k, j] = Q[:, k] @ V[:, j]
            V[:, j] -= R[k, j] * Q[:, k]
    return Q, R
```

ಹೊಸ q ಸಿದ್ಧವಾದ ಕೂಡಲೇ, ಸರದಿಯಲ್ಲಿ ಕಾಯುತ್ತಿರುವ ಎಲ್ಲ ಸದಿಶಗಳಿಂದಲೂ ಅದರ ಪಾಲನ್ನು ತೆಗೆದುಬಿಡುವುದು ಒಳಗಿನ ಆವರ್ತದ ಕೆಲಸ. ಈ ಕ್ರಮವೂ ಎಲ್ಲ ಕೇಡನ್ನೂ ತಡೆಯುವುದಿಲ್ಲ. ಸದಿಶಗಳು ಎಷ್ಟು ಹತ್ತಿರವಿವೆಯೋ ಅದಕ್ಕೆ ಅನುಗುಣವಾಗಿ ಇಲ್ಲಿಯೂ ಲಂಬತೆ ಸಡಿಲವಾಗುತ್ತದೆ, ಆದರೆ ಮೂಲ ಕ್ರಮಕ್ಕಿಂತ ಬಹಳ ನಿಧಾನವಾಗಿ. ಇನ್ನೂ ಬಿಗಿ ಬೇಕಿದ್ದರೆ ಪ್ರತಿ ಸದಿಶದ ಕಳೆಯುವ ಕೆಲಸವನ್ನು ಎರಡು ಸಲ ಮಾಡುತ್ತಾರೆ. ಮೊದಲ ಸಲ ಉಳಿದ ಕೊಳೆ ಎರಡನೆಯ ಸಲ ಹೋಗುತ್ತದೆ.

ಸಿದ್ಧ ತಂತ್ರಾಂಶಗಳು ಹೆಚ್ಚಾಗಿ ಬೇರೆ ದಾರಿ ಹಿಡಿಯುತ್ತವೆ. `np.linalg.qr` ಬಳಸುವುದು ಆಲ್ಸ್ಟನ್ ಹೌಸ್‌ಹೋಲ್ಡರ್ 1958 ರಲ್ಲಿ ಪ್ರಕಟಿಸಿದ ವಿಧಾನವನ್ನು. ಅಲ್ಲಿ ನೆರಳನ್ನು ಕಳೆಯುವ ಬದಲು ಕನ್ನಡಿಯಲ್ಲಿ ಪ್ರತಿಬಿಂಬಿಸಿದಂತೆ ಸದಿಶಗಳನ್ನು ತಿರುಗಿಸಿ R ನ ಕೆಳಭಾಗವನ್ನು ಸೊನ್ನೆ ಮಾಡಲಾಗುತ್ತದೆ, ಮತ್ತು Q ನ ಲಂಬತೆ ಸದಿಶಗಳ ಹತ್ತಿರವನ್ನು ಅವಲಂಬಿಸದೆ ಉಳಿಯುತ್ತದೆ. ನಮ್ಮ ಸಸಿಯ A ಯನ್ನು ಅದಕ್ಕೆ ಕೊಟ್ಟವರು R ನ ಮೊದಲ ಸಂಖ್ಯೆ 2 ರ ಬದಲು −2 ಎಂದು ಬಂದದ್ದನ್ನು ಕಂಡು ಎಲ್ಲೋ ತಪ್ಪಿದೆವೆಂದು ಭಾವಿಸಬೇಕಿಲ್ಲ. ಕರ್ಣದ ಸಂಖ್ಯೆಗಳು ಧನಾತ್ಮಕವಾಗಿರಬೇಕೆಂಬ ನಿಯಮವನ್ನು ಆ ವಿಧಾನ ಪಾಲಿಸುವುದಿಲ್ಲ. R ನ ಒಂದು ಅಡ್ಡಸಾಲಿನ ಚಿಹ್ನೆಯನ್ನೂ Q ನಲ್ಲಿ ಅದಕ್ಕೆ ಸರಿಹೊಂದುವ ಕಂಬಸಾಲಿನ ಚಿಹ್ನೆಯನ್ನೂ ಒಟ್ಟಿಗೆ ತಿರುಗಿಸಿದರೆ ಗುಣಲಬ್ಧ ಬದಲಾಗುವುದಿಲ್ಲ, ಮತ್ತು ಕೈಯಲ್ಲಿ ಬರೆದ ಉತ್ತರವೇ ಪರದೆಯ ಮೇಲೂ ಕಾಣುತ್ತದೆ.